ಕಾಸೀಮಸಾಬರು ಕಂಡ ಗೀರು ಬದನೆ

ಕಾಸೀಮಸಾಬರನ್ನು ಪ್ರೇಮವ್ವ ಮೊದಲ ಸಲ ಕಂಡ ದಿನ, ಅವರು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಅವಳ ಬದನೆ ಹೊಲದ ಬದುವಿನ ಮೇಲೆ ತಲೆಗೆ ಕೈ ಹಚ್ಚಿ ಕುಳಿತುಬಿಟ್ಟಿದ್ದರು. ಹಾಗೆ ಕೂರುವಂತೆ ಮಾಡಿದವಳೂ ಅವಳೇ.

ಆಗ ಮಾಗಿಯ ಚಳಿ. ಕುಪ್ಪೇಲೂರಿನ ಹೊಲಗಳ ಮೇಲೆ ರಾತ್ರಿಯೆಲ್ಲ ಇಬ್ಬನಿ ಬಿದ್ದು, ಬೆಳಗ್ಗೆ ಸಾಲಿನೊಳಗೆ ಕಾಲಿಟ್ಟರೆ ಸೀರೆಯ ನೆರಿಗೆ ಮೊಣಕಾಲಿನವರೆಗೆ ತೊಯ್ಯುವ ದಿನಗಳು. ರಾಣೆಬೆನ್ನೂರಿನ ಶ್ವೇತಾ ನಡೆಸುವ 'ಮುಂಜಾವು' ಎಂಬ ಕಂಪನಿಗೆ ಪ್ರೇಮವ್ವ ಮತ್ತು ಅವಳ ಓಣಿಯ ಹೆಂಗಸರು ತರಕಾರಿ ಬೆಳೆದು ಕೊಡುತ್ತಿದ್ದರು. ಬದನೆ, ಬೆಂಡೆ, ಟೊಮೇಟೊ, ಅವರೆ ಎಲ್ಲ ನೀಲಿ ಪ್ಲಾಸ್ಟಿಕ್ ಕ್ರೇಟಿನಲ್ಲಿ ತುಂಬಿ ಶಂಕ್ರಪ್ಪನ ಗೂಡ್ಸ್ ಗಾಡಿಯಲ್ಲಿ ಹೋಗಿ, ಅಲ್ಲಿಂದ ಹಾವೇರಿ, ದಾವಣಗೆರೆ, ಹುಬ್ಬಳ್ಳಿಯ ಅಂಗಡಿಗಳಿಗೂ ಮನೆಗಳಿಗೂ ಮುಟ್ಟುತ್ತಿದ್ದವು. ಎಲ್ಲವೂ ಸರಾಗವಾಗಿ ಹೋಗುತ್ತಿತ್ತು, ಪ್ರೇಮವ್ವನ ಬದನೆಯೊಂದನ್ನು ಬಿಟ್ಟು.

ಅವಳದು ಗೀರು ಬದನೆ. ತಿಳಿ ನೇರಳೆ ಮೈ, ತೊಟ್ಟಿನಿಂದ ತುದಿಯವರೆಗೆ ಯಾರೋ ಸುಣ್ಣದ ಬೆರಳಿನಿಂದ ಎಳೆದಂತೆ ಬಿಳಿ ಗೀರು. ಅವಳ ಅತ್ತೆ ಬೂದಿಯಲ್ಲಿ ಬೆರೆಸಿ ಗಡಿಗೆಯಲ್ಲಿ ಕಾಯ್ದಿಟ್ಟ ಬೀಜ. ಅತ್ತೆ ಹೋದಳು, ಗಂಡ ಹೋದ, ಬೀಜ ಮಾತ್ರ ಒಂದು ವರ್ಷವೂ ತಪ್ಪಿರಲಿಲ್ಲ. ಎಣ್ಣೆಗಾಯಿಗೆ ಇದಕ್ಕಿಂತ ಮಿಗಿಲಾದುದು ಇಲ್ಲವೆಂದು ಊರೇ ಹೇಳುತ್ತಿತ್ತು. ಆದರೆ ಪೇಟೆಯ ಅಂಗಡಿಯಲ್ಲಿ ಇದರ ಮಗ್ಗುಲಿಗೆ ಮಿರಿಮಿರಿ ಮಿಂಚುವ ಕಡುನೇರಳೆ ಬದನೆ ಇಟ್ಟರೆ, ಜನ ಅದನ್ನೇ ಎತ್ತಿಕೊಳ್ಳುತ್ತಿದ್ದರು.

"ಪ್ರೇಮವ್ವಾರ, ನಿಮ್ಮ ಕಾಯಿ ತಿಂದವರು ಬಿಡಂಗಿಲ್ಲ, ತಿನ್ನದವರು ಮುಟ್ಟಂಗಿಲ್ಲ," ಎಂದು ಶ್ವೇತಾ ನೇರವಾಗಿ ಹೇಳಿದ್ದಳು. "ಒಂದು ಛಲೋ ಫೋಟೋ ತಗಸಿ ಕ್ರೇಟಿಗೆ ಹಚ್ಚೂಣು. ಇಬ್ಬನಿ ಬಿದ್ದಿರಬೇಕು, ಹೊಲದಾಗಿನ ಬಣ್ಣ ಇದ್ದಂಗ ಇರಬೇಕು. ಅದಕ್ಕೂ ಜನ ಒಲಿಯಲಿಲ್ಲಂದ್ರ, ಮುಂದಿನ ಸಲ ಬ್ಯಾರೆ ಅಗಿ ಕೊಡ್ತೀನಿ, ಅದನ್ನ ಹಚ್ರಿ. ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ."

ಸಿಟ್ಟಾಗುವುದೇನು ಬಂತು? ಮಾರುವವಳ ಕಷ್ಟ ಮಾರುವವಳಿಗೆ. ಆದರೆ ಬೇರೆ ತಳಿಯ ಅಗಿ, ಅಂದರೆ ಸಸಿ, ಹಚ್ಚಿದರೆ ಗೀರು ಬದನೆಗೆ ಹೊಲದಲ್ಲಿ ಜಾಗವಿಲ್ಲ, ಜಾಗವಿಲ್ಲದಿದ್ದರೆ ಗಡಿಗೆಗೆ ಬೀಜವಿಲ್ಲ. ಆ ರಾತ್ರಿ ಪ್ರೇಮವ್ವನ ಮನಸ್ಸಿನಲ್ಲಿ ಉಳಿದದ್ದು ಒಂದೇ ಮಾತು: ಫೋಟೋ ಛಂದ ಬರಬೇಕು. ಇಬ್ಬನಿಯ ಮಾತು ಮರೆತೇಹೋಗಿತ್ತು.

ಛಂದ ಬರಲೆಂದೇ ಅವಳು ಕೋಳಿ ಕೂಗುವ ಮೊದಲೇ ಎದ್ದು ಕಾಯಿ ಕೊಯ್ದಳು. ಗಂಡನ ಹಳೆಯ ಬಿಳಿ ಧೋತರದಿಂದ ಒಂದೊಂದನ್ನೂ ತಿರುತಿರುಗಿಸಿ ಒರೆಸಿದಳು. ಅಷ್ಟಕ್ಕೇ ಬಿಡದೆ ಅಂಗೈಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿಕೊಂಡು, ಮದುಮಗಳ ತಲೆಗೆ ಸವರಿದಂತೆ ಕಾಯಿಗೆಲ್ಲ ಸವರಿದಳು. ಕ್ರೇಟಿನಲ್ಲಿ ತೊಟ್ಟು ಒಂದೇ ದಿಕ್ಕಿಗೆ ಬರುವಂತೆ ಜೋಡಿಸಿ, ಸೆರಗಿನಿಂದ ಕೈ ಒರೆಸಿಕೊಂಡು ದಾರಿ ನೋಡುತ್ತ ನಿಂತಳು.

ಶಂಕ್ರಪ್ಪನ ಗಾಡಿಯಿಂದ ಇಳಿದವರು ತೆಳ್ಳನೆ ಮೈಯ, ಬಿಳಿ ಗಡ್ಡದ, ಕಿವಿಮುಚ್ಚುವ ಉಲ್ಲನ್ ಟೋಪಿಯ ಹಿರಿಯರು. ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಅವರ ಸ್ಟುಡಿಯೋ. ಸುತ್ತಲಿನ ಅರ್ಧ ತಾಲೂಕಿನ ಮದುವೆ ಅವರ ಕ್ಯಾಮೆರಾದಲ್ಲಿ ಆಗಿತ್ತು. ಅವರು ಕ್ರೇಟಿನೊಳಗೆ ಒಮ್ಮೆ ಬಗ್ಗಿ ನೋಡಿದರು. ಒಂದು ಕಾಯಿ ಎತ್ತಿ ಬೆರಳು ಜಾರಿಸಿದರು. ಆಮೇಲೆಯೇ ಬದುವಿನ ಮೇಲೆ ಕುಳಿತದ್ದು.

"ಅವ್ವಾರ, ಇಬ್ಬನಿ ಎಲ್ಲೈತ್ರಿ?"

"ಒರಸಿಬಿಟ್ಟೇನ್ರಿ ಸಾಬ್ರ. ಒಂದು ಹನಿ ಉಳದಿಲ್ಲ ನೋಡ್ರಿ," ಎಂದಳು ಪ್ರೇಮವ್ವ ಹೆಮ್ಮೆಯಿಂದ.

"ನಾ ಇಬ್ಬನಿ ಹಿಡ್ಯಾಕಂತ ನಸುಕಿನ್ಯಾಗ ಎದ್ದು ಬಂದೇನಿ, ನೀವು ನನಗಿಂತ ನಸುಕಿನ್ಯಾಗ ಎದ್ದು ಅದನ್ನ ಒರಸಿಬಿಟ್ಟೀರಲ್ರಿ!"

"ಮತ್ತ ಹಸಿ ಕ್ರೇಟ ಕಳಸಬ್ಯಾಡ್ರಿ ಅಂದವರು ನಿಮ್ಮ ಕಂಪನಿಯವ್ರನ. ತೊಯ್ದ ಕಾಯಿ ತುಂಬಿದ್ರ ಗಾಡಿಯಾಗ ಬೆವತು ತೊಟ್ಟಿಗೆ ಬೂಷ್ಟ ಹಿಡಿತೈತಂತ ವಾಪಸ ಕಳಸ್ತಾರ. ಅವರೆಕಾಯಿ ಅಂತೂ ಇಬ್ಬನಿ ಆರೂತನಕ ಮುಟ್ಟಂಗೂ ಇಲ್ಲ, ಒಂದು ಬಳ್ಳಿ ರೋಗ ಇನ್ನೊಂದಕ್ಕ ಹತ್ತತೈತಿ. ವರ್ಷಗಟ್ಟಲೆ ಒರಸ್ಕೋಂತ ಬಂದೇನಿ. ಇವತ್ತು ನೀವು ಬರ್ತೀರಂತ ಇನ್ನೊಂದೆರಡು ಸಲ ಜಾಸ್ತಿ ಒರಸೇನಿ."

ಶಂಕ್ರಪ್ಪ ಗಾಡಿಗೆ ಆತು ನಗತೊಡಗಿದ. "ಇರಲಿ ಬಿಡ್ರಿ ಸಾಬ್ರ, ಬಾಟಲಿಯಾಗ ನೀರು ತುಂಬಿ ಚಿಮುಕಿಸ್ರಿ. ಯಾರಿಗೆ ತಿಳೀತೈತಿ?"

"ನಿನಗ ತಿಳಿಯಂಗಿಲ್ಲ," ಎಂದರು ಕಾಸೀಮಸಾಬರು. "ಚಿಮುಕಿಸಿದ ನೀರು ಹೇಳದ ಕೇಳದ ಬಂದ ಬೀಗರಂಗ, ಎಲ್ಲೆಂದರಲ್ಲಿ ಕುಂದರತೈತಿ. ನಿಲ್ಲಲಿ ಅಂತ ಅದಕ್ಕ ಗ್ಲಿಸರಿನ್ ಕಲಸ್ತಾರ. ಇಬ್ಬನಿ ಹಂಗಲ್ಲ. ಸಾಸಿವಿ ಕಾಳಿನಂಗ ಸಣ್ಣಗ, ಒತ್ತೊತ್ತಾಗಿ ಕಟ್ಟತೈತಿ. ಅದೂ ಅಲ್ದ," ಎಂದು ಕಾಯಿಯನ್ನು ಮೂಸಿ, ಪ್ರೇಮವ್ವನ ಕಡೆ ನೋಡಿದರು, "ಇವು ಎಣ್ಣಿ ಸ್ನಾನ ಮಾಡ್ಯಾವ. ಎಣ್ಣೆಗಾಯಿಗೆ ಎಣ್ಣಿ ಒಳಗ ಹಾಕ್ತಾರಂತ ಕೇಳಿದ್ದೆ. ಹೊರಗ ಹಚ್ಚಿದ್ದು ಇದ ಮೊದಲು ಕಂಡೆ."

ಪ್ರೇಮವ್ವ ನಾಚಿದಳು, ಆಮೇಲೆ ಅವಳಿಗೂ ನಗು ಬಂತು. ಬೈಯಬೇಕಾದ ಜಾಗದಲ್ಲಿ ನಗಿಸುವವರು ಎಷ್ಟು ಮಂದಿ ಸಿಕ್ಕಾರು? ಆ ದಿನ ಫೋಟೋ ಆಗಲಿಲ್ಲ, ಚಹಾ ಆಯಿತು. ಕಾಸೀಮಸಾಬರು ಎಣ್ಣೆ ಹಚ್ಚಿದ ಬದನೆಗಳನ್ನು ಚೀಲಕ್ಕೆ ಹಾಕಿಸಿಕೊಂಡು, "ತಾಜಬಿಗೆ ಅರ್ಧ ಕೆಲಸ ಮುಗಿಸಿಕೊಟ್ಟೀರಿ," ಎಂದು ಹೊರಟರು. ತಾಜಬಿ ಅವರ ಹೆಂಡತಿ.

ಎರಡನೆಯ ಸಲ ಬರುವ ಮೊದಲು ಫೋನಿನಲ್ಲಿ ಇಬ್ಬರೂ ಕೂಡಿ ಯೋಚನೆ ಮಾಡಿದರು. ಗಿಡದಲ್ಲಿದ್ದ ಕಾಯಿಯನ್ನು ಕೊಯ್ದು ಕ್ರೇಟಿಗೆ ಹಾಕುವಷ್ಟರಲ್ಲಿ ಹನಿಯೆಲ್ಲ ಉದುರಿಹೋಗುತ್ತದೆ, ಕೈ ತಾಗಿದಲ್ಲಿ ಒರೆಸಿಹೋಗುತ್ತದೆ. ಇಬ್ಬನಿಯನ್ನು ಕ್ರೇಟಿಗೆ ತರುವುದಾಗದು. ಕ್ರೇಟನ್ನೇ ಇಬ್ಬನಿಯ ಕೆಳಗೆ ಇಡಬೇಕು. ಹಿಂದಿನ ಸಂಜೆ ಕಾಯಿ ಕೊಯ್ದು, ಜೋಡಿಸಿ, ಮರದ ನೆರಳಿಲ್ಲದ ಬಯಲಿನಲ್ಲಿ ಕ್ರೇಟು ಇಟ್ಟು ಬರುವುದು, ಬೆಳಗಿನವರೆಗೆ ಯಾರೂ ಮುಟ್ಟಬಾರದು ಎಂದಾಯಿತು.

"ನಿಮ್ಮೂರಾಗ ಇಬ್ಬನಿ ಯಾವತ್ತು ಬೀಳತೈತಿ ಅಂತ ಹೆಂಗ ತಿಳೀತೈತ್ರಿ?"

"ಮಾಡ ಇರಬಾರದು, ಗಾಳಿ ಬೀಸಬಾರದು. ಚುಕ್ಕಿ ಹೊಳಿ ಹೊಳಿ ಹೊಳದ್ರ ಮುಂಜಾನೆ ಬೀಳತೈತಿ."

ಅಂಥ ಸಂಜೆ ನೋಡಿ ಪ್ರೇಮವ್ವ ಕ್ರೇಟು ಇಟ್ಟು ಬಂದಳು. ಮರುದಿನ ಬೆಳಗ್ಗೆ ಇಬ್ಬರೂ ಹೋಗಿ ನೋಡಿದರೆ ಕ್ರೇಟಿನ ಮೇಲೆ ತಾಡಪತ್ರಿ ಹೊದಿಸಿತ್ತು. ತಾಡಪತ್ರಿಯ ಮೇಲೆ ಇಬ್ಬನಿ ಮುತ್ತಿನಂತೆ ಕಟ್ಟಿತ್ತು. ಕೆಳಗಿನ ಬದನೆ ಒಂದು ಹನಿಯೂ ತಾಗದೆ ಬೆಚ್ಚಗೆ ಮಲಗಿದ್ದವು. ಗಾಡಿ ನಿಲ್ಲಿಸಲು ಬಂದ ಶಂಕ್ರಪ್ಪ, "ಪಾಪ, ಫೋಟೋದ ಕಾಯಿ ತೊಯ್ದು ಕೆಟ್ಟಾವಂತ ರಾತ್ರಿ ನಾನ ಬಂದು ಹೊದಿಸಿ ಹೋಗೇನಿ ಚಿಗವ್ವಾ," ಎಂದ.

ಕಾಸೀಮಸಾಬರು ಪ್ರೇಮವ್ವನ ಮುಖ ನೋಡಿದರು, ಪ್ರೇಮವ್ವ ಅವರ ಮುಖ ನೋಡಿದಳು. "ಈ ಊರಿನ ಮಂದಿಗೆ ಬದನಿಕಾಯಿ ಮ್ಯಾಲ ಭಾಳ ಪ್ರೀತಿ," ಎಂದರು ಸಾಬರು. "ಅದ ನನಗ ಕಷ್ಟ ಆಗೇತಿ."

ಮೂರನೆಯ ಬೆಳಗ್ಗೆ ಎಲ್ಲ ಕೂಡಿಬಂತು. ಮಬ್ಬು ಬೆಳಕಿನಲ್ಲಿ ಕ್ರೇಟಿನ ತುಂಬ ಬೂದಿ ಬಳಿದಂತೆ ಕಂಡದ್ದು, ಹತ್ತಿರ ಬಗ್ಗಿದರೆ ಸಾವಿರ ಹನಿ. ಬಿಳಿ ಗೀರಿನ ಮೇಲೆ ಕೂತ ಹನಿ ಬಿಳಿ, ನೇರಳೆಯ ಮೇಲೆ ಕೂತದ್ದು ನೇರಳೆ. ದಿನವೂ ಇದನ್ನು ಒರೆಸಿ ಒಗೆದವಳು ಪ್ರೇಮವ್ವ. ನಿಂತು ನೋಡಿದ್ದು ಅಂದೇ.

ಕಾಸೀಮಸಾಬರು ಅವಸರ ಮಾಡಲಿಲ್ಲ. ಅಂಗೈಯಗಲದ ಬೂದು ಬಣ್ಣದ ರಟ್ಟೊಂದನ್ನು ಕಾಯಿಗಳ ಮೇಲೆ ಹಿಡಿಸಿ ಮೊದಲು ಅದರದೊಂದು ಫೋಟೋ ತೆಗೆದರು. ನಸುಕಿನ ಬೆಳಕು ನೀಲಿ, ಬಿಸಿಲು ಬಿದ್ದ ಮೇಲೆ ಹಳದಿ, ಆ ರಟ್ಟಿನ ಬೂದು ಬೂದಾಗಿಯೇ ಕಾಣುವಂತೆ ಆಮೇಲೆ ಕಂಪ್ಯೂಟರಿನಲ್ಲಿ ಹೊಂದಿಸಿದರೆ ಬದನೆಯೂ ತನ್ನ ಬಣ್ಣಕ್ಕೆ ಬರುತ್ತದೆ ಎಂದರು. ಕ್ರೇಟಿನ ನೀಲಿ ಮಗ್ಗುಲು ಕಾಯಿಗಳ ಮೇಲೆ ನೀಲಿ ಛಾಯೆ ಚೆಲ್ಲುತ್ತಿತ್ತು. ಅದಕ್ಕೆ ಸುತ್ತಲೂ ಅಡ್ಡ ಹಿಡಿಯಲು ಬೆಳ್ಳನೆಯದು ಏನಾದರೂ ಬೇಕಾಯಿತು. ಪ್ರೇಮವ್ವ ಹೆಗಲ ಮೇಲಿದ್ದ ಧೋತರ ಕೊಟ್ಟಳು.

"ಇದರಿಂದನ ಅಲ್ಲೇನ್ರಿ ಇಬ್ಬನಿ ಒರಸಿದ್ದು?"

"ಹೌದ್ರಿ."

"ಹಂಗಾದ್ರ ಇದು ಸಾಲ ತೀರಿಸಲಿ," ಎಂದು ಅದನ್ನು ಶಂಕ್ರಪ್ಪನ ಕೈಗೆ ಕೊಟ್ಟು ಅಡ್ಡ ಹಿಡಿಸಿದರು. ಬಿಸಿಲು ಏರಿ ಹನಿಯೆಲ್ಲ ಆರುವ ಹೊತ್ತಿಗೆ ಕೆಲಸ ಮುಗಿದಿತ್ತು.

ಸಂಕ್ರಾಂತಿಯ ಹೊತ್ತಿಗೆ ಫೋಟೋದ ಚೀಟಿ ಅಚ್ಚಾಗಿ ಕ್ರೇಟುಗಳಿಗೆ ಬಂತು. ಓಣಿಯ ಹೆಂಗಸರು ಕೈಯಿಂದ ಕೈಗೆ ಕೊಟ್ಟು ನೋಡಿದರು. ಹನಿ ಖರೇ ಹನಿ. ಮುಟ್ಟಿದರೆ ಬೆರಳು ಒದ್ದೆಯಾಗಬೇಕು ಹಾಗಿತ್ತು. ಆದರೆ ಪ್ರೇಮವ್ವ ಚೀಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಕಾಯಿ ಅವಳದೇ, ಗೀರು ಅವಳದೇ. ಬಣ್ಣ ಮಾತ್ರ ಅವಳದಲ್ಲ. ತಿಳಿ ನೇರಳೆಯ ಜಾಗದಲ್ಲಿ ರೇಷ್ಮೆ ಸೀರೆಯ ಅಂಚಿನಂಥ ಗಾಢ ನೇರಳೆ ಉರಿಯುತ್ತಿತ್ತು. ಮೂರು ಸಲ ನಸುಕಿನಲ್ಲಿ ಎದ್ದು ಬಂದ ಹಿರಿಯರ ಕೆಲಸಕ್ಕೆ ಹೆಸರಿಡಲು ಅವಳಿಗೆ ಬಾಯಿ ಬರಲಿಲ್ಲ. ಪೇಟೆಯವರಿಗೆ ಹೀಗೇ ಬೇಕೇನೋ ಎಂದುಕೊಂಡು ಚೀಟಿಯನ್ನು ಮುಂದಿನವಳ ಕೈಗೆ ಕೊಟ್ಟಳು.

ಪೇಟೆಯವರಿಗೂ ಹಾಗೆ ಬೇಕಿರಲಿಲ್ಲ. ಚೀಟಿ ನೋಡಿ ಆಸೆಯಿಂದ ಕೊಂಡವರು ಮನೆಯಲ್ಲಿ ಕ್ರೇಟು ತೆರೆದು, ಫೋಟೋದಲ್ಲಿದ್ದದ್ದು ಒಂದು, ಬಂದದ್ದು ಇನ್ನೊಂದು ಎಂದರು. ಬಣ್ಣ ಇಳಿದಿದೆ, ಹಳೆಯ ಕಾಯಿ ಎಂದರು. ಬೆಳಗ್ಗೆ ಕೊಯ್ದ ಕಾಯಿ ಸಂಜೆ ಶಂಕ್ರಪ್ಪನ ಗಾಡಿಯಲ್ಲೇ ವಾಪಸು ಬಂತು. ಮೊದಲು ಜನ ಮುಟ್ಟುತ್ತಿರಲಿಲ್ಲ, ಅಷ್ಟೇ. ಈಗ ಮುಟ್ಟಿ ಬಯ್ಯತೊಡಗಿದರು.

ಶ್ವೇತಾ ಊರಿಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಅವಳ ಮುಖ ಬಾಡಿತ್ತು. "ಇದಕ್ಕಿಂತ ಫೋಟೋ ಇಲ್ಲದ್ದ ಛಲೋ ಇತ್ರಿ ಅಮ್ಮಾರ. ಶಿವರಾತ್ರಿ ಮುಂದ ಹೊಸ ಅಗಿಗೆ ಹೇಳಬೇಕು. ನಿಮಗೂ ಬ್ಯಾರೇದ ಹೇಳಲೇನು?"

"ಶಿವರಾತ್ರಿ ತನಕ ತಡೀರಿ," ಎಂದಳು ಪ್ರೇಮವ್ವ. ತಡೆದರೆ ಏನಾಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ಸುದ್ದಿ ತಿಳಿದು ಕಾಸೀಮಸಾಬರು ತಾವಾಗಿಯೇ ಬಂದರು. ಹೊಸದಾಗಿ ತೆಗೆಸಿದ ದೊಡ್ಡ ಪ್ರಿಂಟೊಂದನ್ನು ಅಂಗಳದ ಬಿಸಿಲಿನಲ್ಲಿ ಹಾಸಿ, ಅದರ ಮೇಲೆ ಆಗಷ್ಟೇ ಕೊಯ್ದ ಬದನೆ ಇಟ್ಟರು. "ನೋಡ್ರಿ ಪ್ರೇಮವ್ವಾರ. ಎರಡೂ ಒಂದ ಐತಿಲ್ರಿ? ಜನಕ್ಕ ಏನಾಗೇತಿ?"

ಎರಡೂ ಒಂದಾಗಿರಲಿಲ್ಲ. ಹಾಲಿಗೂ ಮಜ್ಜಿಗೆಗೂ ಇರುವಷ್ಟು ಫರಕು ಎದ್ದು ಕಾಣುತ್ತಿತ್ತು. ಸಾಬರು ಸುಳ್ಳು ಹೇಳುವವರಲ್ಲ. ಅಂದಮೇಲೆ ಇದೇನು? ಪ್ರೇಮವ್ವ, "ಚಹಾ ಕಾಯಲಿ, ಕುಂದ್ರಿ," ಎಂದು ತಾನು ಹೊಲಿಯುತ್ತಿದ್ದ ಕೌದಿಯನ್ನು ಮಡಿಲಿಗೆ ಎಳೆದುಕೊಂಡಳು. ಹಳೆಯ ಅರಿವೆಯ ತುಂಡುಗಳು ಸಾಬರ ಕಾಲ ಬಳಿ ಹರವಿಕೊಂಡಿದ್ದವು.

"ಆ ಕಡುನೀಲಿ ತುಂಡು ಈ ಕಡೆ ಕೊಡ್ರಿ ಸಾಬ್ರ."

ಅವರು ಎತ್ತಿ ಕೊಟ್ಟರು. ಅದು ಕಪ್ಪು. ಪ್ರೇಮವ್ವ ಅದನ್ನು ಬದಿಗಿಟ್ಟು, ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದು ನೀಲಿ ಇತ್ತಲ್ರಿ," ಎಂದಳು. ಅವರು ಹುಡುಕಿ ಮತ್ತೊಂದು ಕಪ್ಪು ತುಂಡನ್ನೇ ಕೊಟ್ಟರು. ನೀಲಿ ತುಂಡು ಅವರ ಹೆಬ್ಬೆರಳಿಗೆ ತಾಗಿಕೊಂಡೇ ಬಿದ್ದಿತ್ತು.

ಪ್ರೇಮವ್ವನ ಸೂಜಿ ನಿಂತಿತು. ಅವಳು ಸಾಬರ ತಪ್ಪಿನ ಮಾತು ಎತ್ತಲಿಲ್ಲ. ತನ್ನ ಅತ್ತೆಯ ಮಾತು ಹೇಳಿದಳು. "ನಮ್ಮತ್ತಿ ಕಡೀಕ ಕಡೀಕ ದಿನಾ ನನ್ನ ಬೈತಿದ್ಲು ನೋಡ್ರಿ. ಹಾಲಿನ್ಯಾಗ ಅರಿಷಿಣ ಯಾಕ ಹಾಕೀದಿ ಅಂತ. ನಾ ಹಾಕಿಲ್ಲಬೇ ಅಂದ್ರೂ ಕೇಳ್ತಿದ್ದಿಲ್ಲ. ಒಂದು ದಿನ ಸುಣ್ಣ ಹಚ್ಚಿದ ಗೋಡಿ ನೋಡಿ, ಇದಕ್ಕೂ ಅರಿಷಿಣ ಬಳದೀದಿ ಅಂದ್ಲು. ಆವಾಗ ತಿಳೀತು, ಕಣ್ಣಾಗ ಪೊರಿ ಬಂದೈತಿ ಅಂತ."

ಕಾಸೀಮಸಾಬರು ತಾವು ಕೊಟ್ಟ ತುಂಡನ್ನು ಮರಳಿ ತೆಗೆದುಕೊಂಡು ಹತ್ತಿರ ಹಿಡಿದರು, ದೂರ ಹಿಡಿದರು. ಕಾಲ ಬಳಿಯಿದ್ದ ನೀಲಿಯನ್ನು ಎತ್ತಿ ಅದರ ಜೊತೆಗಿಟ್ಟು ಬಿಸಿಲಿಗೆ ಹೊರಳಿಸಿದರು.

"ತಾಜಬಿ ಕೂಡ ಮೂರು ತಿಂಗಳಿಂದ ಜಗಳ ಆಡಾಕತ್ತೇನ್ರಿ," ಎಂದರು ಕಡೆಗೆ. "ಬಿಳಿ ಪೈಜಾಮ ಹೊಲಸ ಒಗದೀದಿ, ಹಳದಿ ಆಗೇತಿ ಅಂತ. ಆಕಿ ನನ್ನ ಮ್ಯಾಲ ನೀಲಿ ಡಬ್ಬಿ ಒಗದ್ಲು, ನೀನ ಹಾಕ್ಕೋ ಅಂತ. ಹಾಕಿದೆ. ಜಾಸ್ತೀನ ಹಾಕಿದೆ. ಪೈಜಾಮ ನೀಲಿ ಆಗೇತಂತ ಓಣಿ ಹುಡುಗೂರು ನಕ್ಕರು."

ಅವರೇ ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಬದನಿಕಾಯಿಗೂ ಅದನ ಮಾಡೇನ್ರಿ. ಬೂದು ರಟ್ಟು ಹೊಂದಿಸಿದಾಗ ಬಣ್ಣ ಸರಿ ಇತ್ತು. ನನ್ನ ಕಣ್ಣಿಗೆ ಮಬ್ಬ ಕಂಡ್ತು. ಅವ್ವಾರ ಹೊಲದ ಕಾಯಿ ಹಿಂಗ ಮಂಕಾಗಿ ಹೋಗಬಾರದಂತ ನೇರಳಿ ಏರಿಸಿದೆ, ಮತ್ತ ಏರಿಸಿದೆ. ರಟ್ಟನ್ನ ನಂಬಲಿಲ್ಲ, ಕಣ್ಣನ್ನ ನಂಬಿದೆ. ಹುಡುಗಿ ಫೋಟೋ ಬೆಳ್ಳಗ ಮಾಡಿಕೊಡಂತ ಬಂದವರನ್ನೆಲ್ಲ ಬೈದು ಕಳಿಸಿದಾಂವ ನಾನು. ಹುಡುಗಿ ಮನಿಗೆ ಬಂದ ಮ್ಯಾಲ ಆ ಬಿಳುಪು ಎಲ್ಲಿಂದ ತರ್ತೀರಿ ಅಂತ ಕೇಳ್ತಿದ್ದೆ. ಈಗ ನಿಮ್ಮ ಮಗಳಿಗೇ ಬಣ್ಣ ಬಳದೆ."

"ಪ್ರೀತಿಲೆ ಬಳದೀರಿ," ಎಂದಳು ಪ್ರೇಮವ್ವ. "ನಾ ಎಣ್ಣಿ ಹಚ್ಚಿದ್ದೂ ಪ್ರೀತಿಲೆ. ಈಗ ಇಬ್ರೂ ಕೂಡಿ ಒರಸೂಣು ಬರ್ರಿ."

ಮರುದಿನವೇ ಅವಳು ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಸ್ಟುಡಿಯೋ ಎಂದರೆ ಉದ್ದನೆಯ ಒಂದು ಕೋಣೆ. ಗೋಡೆಯ ತುಂಬ ಯಾರು ಯಾರದೋ ಮದುವೆ. ಕಂಪ್ಯೂಟರಿನ ಮುಂದೆ ಎರಡು ಖುರ್ಚಿ ಹಾಕಿದರು. ಮೇಜಿನ ಮೇಲೆ, ಕಿಟಕಿಯ ಬೆಳಕು ಬೀಳುವಲ್ಲಿ ಪ್ರೇಮವ್ವ ತಂದ ಬದನೆ. ಕಾಸೀಮಸಾಬರು ಮೊದಲಿನಿಂದ ಶುರು ಮಾಡಿ ಬೂದು ರಟ್ಟಿನ ಅಳತೆಗೆ ತಂದು ನಿಲ್ಲಿಸಿದರು.

"ಈಗ ನಾ ಕೈ, ನೀವು ಕಣ್ಣು. ಹೇಳ್ರಿ."

ಪ್ರೇಮವ್ವ ಪರದೆ ನೋಡಿದಳು, ಕಾಯಿ ನೋಡಿದಳು, ಮತ್ತೆ ಪರದೆ ನೋಡಿದಳು. ಕೌದಿಗೆ ಅರಿವೆ ಹೊಂದಿಸುವಾಗ ನೋಡುವಂತೆ, ಅವಸರವಿಲ್ಲದೆ. "ಹೊಟ್ಟಿ ಸರಿ ಐತ್ರಿ. ತೊಟ್ಟಿನ ಹಸರ ಸ್ವಲ್ಪ ಹೆಚ್ಚಿಗಿ ಐತಿ. ಹಾ, ಇಳಸ್ರಿ. ಸಾಕ್ರಿ, ಸಾಕು! ಮತ್ತ ಪ್ರೀತಿ ಮಾಡಾಕ ಹೋಗಬ್ಯಾಡ್ರಿ."

ಚಹಾ ತಂದ ತಾಜಬಿ ಬಾಗಿಲಲ್ಲೇ ನಿಂತು ನಕ್ಕಳು. "ಇಷ್ಟು ವರ್ಷದಾಗ ಒಬ್ರಾದ್ರೂ ಇವರಿಗೆ ಸಾಕು ಅಂದ್ರಲ್ಲವ್ವಾ."

ಪ್ರಿಂಟು ತೆಗೆಸಿ, ಟ್ಯೂಬ್‌ಲೈಟಿನ ಕೆಳಗಲ್ಲ, ರಸ್ತೆಯ ಬಿಸಿಲಿಗೆ ತಂದು ಬದನೆಯ ಜೊತೆಗಿಟ್ಟರು. ಪ್ರೇಮವ್ವ ಕಣ್ಣು ಸಣ್ಣ ಮಾಡಿ ನೋಡಿದಳು. "ಇದು ನಮ್ಮ ಹೊಲದ್ದು," ಎಂದಳು.

ಅದನ್ನು ಹಿಡಿದುಕೊಂಡು ಇಬ್ಬರೂ ಶ್ವೇತಾಳ ಬಳಿಗೆ ಹೋದರು. ಕಾಸೀಮಸಾಬರು ಮಾತು ಸುತ್ತಿ ಬಳಸಲಿಲ್ಲ. "ತಪ್ಪು ಕಾಯಿದಲ್ಲವ್ವಾ, ನನ್ನ ಕಣ್ಣಿಂದು. ಕಾಯಿ ತಗೀಬ್ಯಾಡ, ಚೀಟಿ ತಗಿ. ಬೇಕಂದ್ರ ನನ್ನೂ ತಗಿ."

ಶ್ವೇತಾ ಹೊಸ ಪ್ರಿಂಟನ್ನು ಎತ್ತಿ ನೋಡಿದಳು. ಅವಳು ಮಾರುವವಳು, ಅವಳ ಲೆಕ್ಕವೂ ಸುಳ್ಳಲ್ಲ. "ಚಾಚಾ, ಇದು ದೂರಕ್ಕ ಅಷ್ಟು ಎದ್ದು ಕಾಣಂಗಿಲ್ಲ. ಮೊದಲಿಂದು ಕಣ್ಣಿಗೆ ಹೊಡೀತಿತ್ತು."

"ಹೊಡೀತಿತ್ತು. ಆಮ್ಯಾಲ ಜನ ನಿನಗ ಹೊಡದರು."

ಶ್ವೇತಾಳಿಗೂ ನಗು ತಡೆಯಲಿಲ್ಲ. ನಕ್ಕು, ಯೋಚಿಸಿ, ತಾನೇ ಒಂದು ದಾರಿ ಹುಡುಕಿದಳು. ಚೀಟಿಯಲ್ಲಿ ಬದನೆಯನ್ನು ಅದು ಇರುವಷ್ಟೇ ದೊಡ್ಡದಾಗಿ ಅಚ್ಚು ಹಾಕಿಸೋಣ, ಕಾಯಿ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ ಎಂದು ಕೆಳಗೆ ಬರೆಸೋಣ, ಗೀರು ಬದನೆಯ ಬಣ್ಣವೇ ಇದು ಎಂದು ಮೊದಲೇ ಹೇಳಿಬಿಡೋಣ ಎಂದಳು. ಅಂಗಡಿಯಲ್ಲಿ ಕಡುನೇರಳೆಯ ಮಗ್ಗುಲಿಗೆ ಇಡುವುದನ್ನೂ ಬಿಡಿಸಿದಳು. ಅಷ್ಟು ತನಗೆ ಹೊಳೆಯುತ್ತಿರಲಿಲ್ಲ ಎಂದು ಪ್ರೇಮವ್ವ ಇಂದಿಗೂ ಹೇಳುತ್ತಾಳೆ. ಬೆಳೆಯುವ ಬುದ್ಧಿ ಬೇರೆ, ಮಾರುವ ಬುದ್ಧಿ ಬೇರೆ.

ಹೊಸ ಚೀಟಿಯ ಕ್ರೇಟು ಹೋದ ಮೊದಲ ದಿನ ಸಂಜೆ ಅವಳು ಹೊಲದಿಂದ ಮನೆಗೆ ಹೋಗಲೇ ಇಲ್ಲ. ರಸ್ತೆಯ ಮೇಲೆ ನಿಂತಿದ್ದಳು. ಶಂಕ್ರಪ್ಪನ ಗಾಡಿ ಬಂತು. ಹಿಂದೆ ನೀಲಿ ಕ್ರೇಟುಗಳು ಒಂದರೊಳಗೊಂದು ಕೂತು ಕುಲುಕುತ್ತಿದ್ದವು. ಎಲ್ಲ ಖಾಲಿ.

"ಏನೂ ವಾಪಸ ಬಂದಿಲ್ಲೇನೋ?"

"ಬಂದೈತಿ ಚಿಗವ್ವಾ. ಹುಬ್ಬಳ್ಳಿ ಅಜ್ಜಿಯೊಬ್ಬಾಕಿ ಮಾತು ಕಳಿಸ್ಯಾಳ. ತವರುಮನಿಯಾಗ ತಿಂದಿದ್ಲಂತ ಈ ಕಾಯಿ, ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ, ನನಗ ಇಡ್ರಿ ಅಂದಾಳಂತ."

ಪ್ರೇಮವ್ವ ರಸ್ತೆಯ ಮೇಲೇ ನಿಂತು, ಯಾವ ದಿಕ್ಕಿಗೆಂದು ನೋಡದೆ ಕೈ ಮುಗಿದಳು. ಶಿವರಾತ್ರಿಗೆ ಶ್ವೇತಾ ಅಗಿಯ ಮಾತು ಎತ್ತಲಿಲ್ಲ. ಬೀಜಕ್ಕೆ ಬಿಡುವ ಕಾಯಿಗೆ ಪ್ರೇಮವ್ವ ಕೆಂಪು ದಾರ ಕಟ್ಟಿದಳು, ಅತ್ತೆ ಕಟ್ಟುತ್ತಿದ್ದ ಹಾಗೆಯೇ.

ಕಾಸೀಮಸಾಬರನ್ನು ಶ್ವೇತಾ ತೆಗೆಯಲಿಲ್ಲ. ಬ್ಯಾಡಗಿಯ ಒಣಮೆಣಸಿನಕಾಯಿ ಫೋಟೋಕ್ಕೂ ಅವರನ್ನೇ ಕಳಿಸಿದಳು. ಅದಕ್ಕೂ ಇಬ್ಬನಿ ಬೇಕೆಂದಳಂತೆ. "ತಾಯಿ, ಒಣಮೆಣಸಿನಕಾಯಿಗೆ ಹನಿ ಬಿದ್ರ ಬೂಷ್ಟ ಹಿಡಿತೈತಿ, ಬಣ್ಣಾನೂ ಹೋಗತೈತಿ," ಎಂದು ಸಾಬರು ಬಿಸಿಲಿನಲ್ಲೇ, ಅದರ ಸುಕ್ಕು ಸುಕ್ಕಾದ ಕೆಂಪನ್ನು ಇದ್ದ ಹಾಗೇ ತೆಗೆದುಕೊಟ್ಟರು. ಕೆಂಪು ಅವರ ಕಣ್ಣಿಗೆ ಮೋಸ ಮಾಡುತ್ತಿರಲಿಲ್ಲ. ಆದರೂ ಪ್ರಿಂಟು ಮೊದಲು ಕುಪ್ಪೇಲೂರಿಗೆ ಬಂತು. ಪ್ರೇಮವ್ವ ನೋಡಿ ಹೂಂ ಎಂದ ಮೇಲೆ ಮುಂದೆ ಹೋಯಿತು.

ಹೋಳಿ ಹುಣ್ಣಿಮೆ ಕಳೆದ ಮೇಲೆ ಅವರ ಒಂದು ಕಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ್ದಾರೆಂದು ತಿಳಿದ ಬೆಳಗ್ಗೆ ಪ್ರೇಮವ್ವ ಹೊಲಕ್ಕೆ ಹೋಗಿ ಏಳೆಂಟು ಎಳೆಯ ಬದನೆ ಕೊಯ್ದಳು. ಕೈ ತನ್ನಷ್ಟಕ್ಕೆ ಧೋತರದ ಕಡೆ ಹೋಯಿತು. ತಡೆದುಕೊಂಡಳು. ಒರೆಸದೆ, ಬುಟ್ಟಿಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು ಬಸ್ಸು ಹತ್ತಿದಳು. ದಾರಿಯಲ್ಲಿ ಚಳಿಯ ಕೊನೆಯ ದಿನಗಳ ಆ ತೆಳ್ಳನೆ ಇಬ್ಬನಿ ಆರಿಹೋಯಿತು. ಕಾಯಿಯ ಮೈಮೇಲಿನ ಧೂಳಿನಲ್ಲಿ ಹನಿ ಕೂತಿದ್ದ ಗುರುತು ಮಾತ್ರ ಉಂಗುರ ಉಂಗುರವಾಗಿ ಉಳಿದಿತ್ತು.

ಕಾಸೀಮಸಾಬರು ಕರಿ ಕನ್ನಡಕ ಹಾಕಿಕೊಂಡು ಮನೆಯ ಮುಂದಿನ ಪಡಸಾಲೆಯಲ್ಲಿ ಕೂತಿದ್ದರು.

"ಬರ್ರಿ, ಕುಂದ್ರಿ," ಎಂದಳು ತಾಜಬಿ. "ಈಗ ಪೈಜಾಮ ಬೆಳ್ಳಗ ಕಾಣಾಕತ್ತೈತಂತ. ಆದ್ರ ನನಗ ಬೈದಿದ್ದಕ್ಕ ತಪ್ಪಾತು ಅನ್ನವಲ್ರು."

"ಅಂದೇನಲ್ಲ, ಮನಸಿನ್ಯಾಗ," ಎಂದರು ಸಾಬರು.

ಪ್ರೇಮವ್ವ ಬುಟ್ಟಿಯನ್ನು ಅವರ ಮುಂದಿಟ್ಟಳು. ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ನಿಮ್ಮಿಂದ ನಮ್ಮತ್ತಿ ಬೀಜ ಉಳೀತ್ರಿ ಎನ್ನಬೇಕೆಂದಿದ್ದಳು. ಬಾಯಿಗೆ ಬಂದದ್ದು, "ಒರಸಿಲ್ರಿ," ಎಂಬುದೊಂದೇ.

ಕಾಸೀಮಸಾಬರು ಒಂದು ಕಾಯಿ ಎತ್ತಿಕೊಂಡರು. ಪಡಸಾಲೆಯ ನೆರಳಿಗೆ ಸರಿದು ಕರಿ ಕನ್ನಡಕ ತೆಗೆದರು. ಹೊಸ ಕಣ್ಣನ್ನು ಅಂಗೈಯಿಂದ ಮುಚ್ಚಿ ಹಳೆಯ ಕಣ್ಣಿನಿಂದ ನೋಡಿದರು. ಆಮೇಲೆ ಹಳೆಯದನ್ನು ಮುಚ್ಚಿ ಹೊಸದರಿಂದ ನೋಡಿದರು. ಮತ್ತೆ ಅದು, ಮತ್ತೆ ಇದು. ಬೆರಳಿನಿಂದ ಬಿಳಿ ಗೀರಿನ ಗುಂಟ ತೊಟ್ಟಿನಿಂದ ತುದಿಯವರೆಗೆ ನಿಧಾನವಾಗಿ ಬಂದು, ಹನಿಯ ಉಂಗುರವೊಂದರ ಬಳಿ ನಿಲ್ಲಿಸಿದರು.

"ಪ್ರೇಮವ್ವಾರ," ಎಂದರು ಅವರು, ಕಾಯಿಯಿಂದ ಕಣ್ಣು ತೆಗೆಯದೆ, "ನೀವು ದಿನಾ ಮುಂಜಾನೆ ಈ ಬಣ್ಣ ನೋಡ್ತಿದ್ರೇನು?"